ಮೇದೋಜೀರಕದ ಸ್ಲೈಡಿನಲ್ಲಿ ಕಾಣುವ ಎರಡು ಲೋಕ

1869ರಲ್ಲಿ ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ 21 ವರ್ಷದ ವೈದ್ಯಕೀಯ ವಿದ್ಯಾರ್ಥಿ, ಮೊಲದ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಗುಂಪುಗೂಡಿದ ಸಣ್ಣ, ತಿಳಿಯಾದ ಜೀವಕೋಶಗಳನ್ನು ಗುರುತಿಸಿ ತನ್ನ ಪ್ರಬಂಧದಲ್ಲಿ ಬರೆದ. ಅವುಗಳ ಕೆಲಸ ಏನೆಂಬುದು ಅವನಿಗೆ ಗೊತ್ತಾಗಲಿಲ್ಲ. 1893ರಲ್ಲಿ ಫ್ರಾನ್ಸಿನ ಲಗೆಸ್ ಅವುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳೆಂದು ಹೆಸರಿಟ್ಟ.

ಇಂದಿನ ಸ್ಲೈಡಿನಲ್ಲಿ ಈ ದ್ವೀಪಗಳನ್ನು ಹುಡುಕುವುದು ಕಷ್ಟವಲ್ಲ. ಮೊದಲು ಕಣ್ಣು ತುಂಬುವುದು ಜೀರ್ಣರಸ ತಯಾರಿಸುವ ಅಸಿನಸ್‌ಗಳು. ಗ್ರಂಥಿಯ ಬಹುಪಾಲು ಅವುಗಳದ್ದೇ. ದ್ರಾಕ್ಷಿಗೊಂಚಲಿನಂತೆ ಒತ್ತೊತ್ತಾಗಿರುವ ಅವುಗಳ ಒಂದೊಂದು ಕೋಶಕ್ಕೂ ಎರಡು ಬಣ್ಣ. ಸಾಮಾನ್ಯವಾಗಿ ಬಳಸುವ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಹಾಕಿದಾಗ ಬುಡ ಕಡುನೀಲಿ, ತುದಿ ಗುಲಾಬಿ. ಬುಡದಲ್ಲಿ ಪ್ರೋಟೀನ್ ಕಟ್ಟುವ ಆರ್‌ಎನ್‌ಎ ತುಂಬಿರುತ್ತದೆ, ಅದು ನೀಲಿಯನ್ನು ಹೀರುತ್ತದೆ. ತುದಿಯಲ್ಲಿ ಟ್ರಿಪ್ಸಿನೋಜೆನ್‌ನಂಥ ಇನ್ನೂ ಸಕ್ರಿಯವಾಗದ ಕಿಣ್ವಗಳ ಹರಳುಗಳು ಕಾದಿರುತ್ತವೆ. ಅವು ಸಣ್ಣ ನಾಳಗಳ ಮೂಲಕ ಸಣ್ಣಕರುಳು ಸೇರಿದ ಮೇಲಷ್ಟೇ ಕೆಲಸ ಶುರುಮಾಡುತ್ತವೆ.

ದ್ವೀಪದಲ್ಲಿ ಈ ಎರಡು ಬಣ್ಣದ ಭೇದವಿಲ್ಲ. ತಿಳಿಗುಲಾಬಿ ಕೋಶಗಳು ಗೊಂಚಲಾಗದೆ ಸಾಲುಸಾಲಾಗಿ ಹರಡಿರುತ್ತವೆ, ನಡುವೆ ಸೂಕ್ಷ್ಮ ರಕ್ತನಾಳಗಳು. ರಸ ಸಾಗಿಸುವ ನಾಳ ಇಲ್ಲಿಗೆ ಬೇಡ, ಹಾರ್ಮೋನು ನೇರ ರಕ್ತಕ್ಕೆ ಇಳಿಯುತ್ತದೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಲಾಲಾಗ್ರಂಥಿಯಾದ ಪರೋಟಿಡ್ ಕೂಡ ಹೆಚ್ಚುಕಡಿಮೆ ಇದೇ ರೀತಿ ಕಾಣುತ್ತದೆ. ಕಣ್ಣಿಗೆ ದ್ವೀಪ ಸಿಗದಿದ್ದರೆ ಅಸಿನಸ್‌ನ ನಡುವೆ ನೋಡಬೇಕು: ಅಲ್ಲಿ ಮಸುಕಾದ ಸೆಂಟ್ರೋಅಸಿನಾರ್ ಕೋಶಗಳಿದ್ದರೆ ಅದು ಮೇದೋಜೀರಕ. ಪರೋಟಿಡ್‌ನಲ್ಲಿ ಅವು ಇರುವುದಿಲ್ಲ. ಇನ್ನೊಂದು ತೊಡಕೆಂದರೆ, ಗ್ರಂಥಿ ದೇಹದಿಂದ ಹೊರಬಂದ ಕೂಡಲೆ ಫಾರ್ಮಲಿನ್‌ಗೆ ಹಾಕದಿದ್ದರೆ ತನ್ನ ಕಿಣ್ವಗಳೇ ತನ್ನನ್ನು ಕರಗಿಸತೊಡಗುತ್ತವೆ. ಆಗ ಸ್ಲೈಡಿನಲ್ಲಿ ಕೋಶಗಳ ಅಂಚು ಕಲಸಿಹೋಗಿ ಏನೂ ಸ್ಪಷ್ಟವಾಗಿ ತೋರುವುದಿಲ್ಲ.

ದ್ವೀಪ ಸಿಕ್ಕರೂ ಒಳಗಿನವರ ಗುರುತು ಈ ಬಣ್ಣದಿಂದ ಸಿಗುವುದಿಲ್ಲ. ಇನ್ಸುಲಿನ್‌ಗೆ ಅಂಟುವ ಪ್ರತಿಕಾಯವನ್ನು ಬಳಸಿದರೆ ಬೀಟಾ ಕೋಶಗಳು ಎದ್ದುಕಾಣುತ್ತವೆ, ಮನುಷ್ಯರಲ್ಲಿ ಸಾಮಾನ್ಯವಾಗಿ ಅವುಗಳದ್ದೇ ಬಹುಮತ. ಗ್ಲುಕಗಾನ್‌ನ ಪ್ರತಿಕಾಯ ಆಲ್ಫಾ ಕೋಶಗಳನ್ನು ತೋರಿಸುತ್ತದೆ. ಬೀಟಾ ರಕ್ತದ ಸಕ್ಕರೆ ಇಳಿಸಿದರೆ ಆಲ್ಫಾ ಏರಿಸುತ್ತದೆ. ಕಡಿಮೆ ಸಂಖ್ಯೆಯ ಡೆಲ್ಟಾ ಕೋಶಗಳು ಸುರಿಸುವ ಸೊಮ್ಯಾಟೊಸ್ಟ್ಯಾಟಿನ್ ಎರಡಕ್ಕೂ ಕಡಿವಾಣ. ಪಿಪಿ ಕೋಶಗಳು ಪ್ಯಾಂಕ್ರಿಯಾಟಿಕ್ ಪಾಲಿಪೆಪ್ಟೈಡ್ ಸುರಿಸುತ್ತವೆ. ಗ್ರಂಥಿಯ ತಲೆಭಾಗದಲ್ಲಿ ಅವು ಹೆಚ್ಚು. ಎಪ್ಸಿಲಾನ್ ಕೋಶಗಳು ಗ್ರೆಲಿನ್ ಕೊಡುತ್ತವೆ, ಆದರೆ ವಯಸ್ಕರಲ್ಲಿ ತೀರಾ ವಿರಳ. ಇಲಿಯಲ್ಲಿ ಬೀಟಾ ಮಧ್ಯದಲ್ಲಿ, ಆಲ್ಫಾ ಅಂಚಿನಲ್ಲಿ. ಮನುಷ್ಯನಲ್ಲಿ ಅವೆರಡೂ ಬೆರೆತಿರುತ್ತವೆ.

ಒಂದನೇ ವಿಧದ ಮಧುಮೇಹ ಹೊಸತಾಗಿ ಶುರುವಾದವರ ಸ್ಲೈಡಿನಲ್ಲಿ ಕೆಲವು ದ್ವೀಪಗಳ ಸುತ್ತ ಲಿಂಫೋಸೈಟ್‌ಗಳು ಮುತ್ತಿರುತ್ತವೆ. ಕ್ರಮೇಣ ಇನ್ಸುಲಿನ್ ಗುರುತು ಬಹುತೇಕ ಮಾಯವಾಗುತ್ತದೆ, ಗ್ಲುಕಗಾನ್ ಕೋಶಗಳು ಹಾಗೇ ಉಳಿಯುತ್ತವೆ. ಎರಡನೇ ವಿಧದಲ್ಲಿ ಚಿತ್ರ ಬೇರೆ: ಹಲವರ ದ್ವೀಪಗಳಲ್ಲಿ ಅಮೈಲಿನ್ ಎಂಬ ಹಾರ್ಮೋನು ಗಟ್ಟಿಯಾಗಿ ಗುಲಾಬಿ ಪದರವಾಗಿ ಕೂತಿರುತ್ತದೆ, ಕಾಂಗೋ ರೆಡ್ ಬಣ್ಣ ಅದನ್ನು ಹಿಡಿದು ತೋರಿಸುತ್ತದೆ.