ತಲೆಗೆ ಒದ್ದರೆ ಹೆಚ್ಚು ಅಂಕವೇಕೆ?

2008ರ ಬೀಜಿಂಗ್ ಒಲಿಂಪಿಕ್ಸ್‌ನ ಟೇಕ್ವಾಂಡೊ ಕ್ವಾರ್ಟರ್ ಫೈನಲ್. ಕೊನೆಯ ಕ್ಷಣಗಳಲ್ಲಿ ಬ್ರಿಟನ್ನಿನ ಸಾರಾ ಸ್ಟೀವನ್ಸನ್ ಚೀನದ ಚೆನ್ ಝೊಂಗ್ ಅವರ ಮುಖಕ್ಕೆ ಒದ್ದರು. ತೀರ್ಪುಗಾರರು ಅಂಕ ಕೊಡಲಿಲ್ಲ. ಚೆನ್ ಗೆದ್ದರೆಂದು ಸಾರಲಾಯಿತು. ಮೇಲ್ಮನವಿಯ ಬಳಿಕ ಫಲಿತಾಂಶವೇ ತಿರುಗಿತು.

ಅಂಕ ಎಣಿಸುವ ಕೆಲಸ ಈಗ ಬಹುಪಾಲು ಯಂತ್ರದ್ದು. ಒಲಿಂಪಿಕ್ಸ್‌ಗೆ 2012ರಲ್ಲಿ ವಿದ್ಯುನ್ಮಾನ ಮೈಕವಚ, 2016ರಲ್ಲಿ ಶಿರಸ್ತ್ರಾಣ ಬಂದವು. ಮೈಕವಚ ಒದೆತದ ಬಲವನ್ನು ಅಳೆಯುತ್ತದೆ; ಆಟಗಾರರ ತೂಕದ ವರ್ಗಕ್ಕೆ ಗೊತ್ತುಪಡಿಸಿದ ಮಟ್ಟ ಮುಟ್ಟದಿದ್ದರೆ ಅಂಕವಿಲ್ಲ.

ಮೈಗೆ ಒದ್ದರೆ 2 ಅಂಕ, ತಲೆಗೆ 3. ತಿರುಗಿ ಒದ್ದರೆ ಕ್ರಮವಾಗಿ 4 ಮತ್ತು 5. ಕಾಲು ತಲೆಯೆತ್ತರಕ್ಕೆ ಏರುವಷ್ಟರಲ್ಲಿ ಎದುರಾಳಿ ಸರಿದುಬಿಡಬಹುದು, ಒಂಟಿಕಾಲಲ್ಲಿ ನಿಂತವರ ಮೈ ಮರುಒದೆತಕ್ಕೆ ತೆರೆದಿರುತ್ತದೆ. ಹೆಚ್ಚುವರಿ ಅಂಕ ಈ ಅಪಾಯದ ಬೆಲೆ. ಅದಿಲ್ಲದಿದ್ದರೆ ಎಲ್ಲರೂ ಹೊಟ್ಟೆಗೇ ಒದೆಯುತ್ತಿದ್ದರು.

ಆದರೆ ಶಿರಸ್ತ್ರಾಣ ಮುಖವನ್ನು ಮುಚ್ಚುವುದಿಲ್ಲ. ಸ್ಟೀವನ್ಸನ್ ಒದ್ದಂಥ ಒದೆತಕ್ಕೆ ಇಂದಿಗೂ ವಿಡಿಯೊ ಮರುಪರಿಶೀಲನೆ ಬೇಕಾಗುತ್ತದೆ.