ಜರ್ಮನಿಗೊಂದು ಪತ್ರ, ಜಪಾನಿಗೊಂದು ಪತ್ರ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟು ನೆಲಮಂಗಲ ದಾಟಿದರೆ ದಾಬಸ್‌ಪೇಟೆ. ಶಿವಗಂಗೆಯ ಬೆಟ್ಟ ಕಾಣುವಷ್ಟು ದೂರದಲ್ಲೇ ಸೋಂಪುರ ಕೈಗಾರಿಕಾ ಪ್ರದೇಶವಿದೆ. ಇಂಥ ಕಡೆ ಕೆಲಸ ಮಾಡುವ ಎಂಜಿನಿಯರಿಗೆ ಹೊರದೇಶದವರ ಜೊತೆ ಪತ್ರ ವ್ಯವಹಾರ ಹೊಸದೇನೂ ಅಲ್ಲ. ಜರ್ಮನಿಯ ಬಾಷ್ ಜೊತೆ ನಂಟಿದ್ದ ಮೈಕೋ 1950ರ ದಶಕದಲ್ಲೇ ಬೆಂಗಳೂರಿಗೆ ಬಂದಿತ್ತು. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ 1999ರಲ್ಲಿ ಗಾಡಿಗಳು ಹೊರಬಂದವು. ದಾಬಸ್‌ಪೇಟೆಯ ಹೆದ್ದಾರಿಯಲ್ಲೇ ತುಮಕೂರಿನ ಆಚೆ, ವಸಂತನರಸಾಪುರದಲ್ಲಿ, ಜಪಾನಿ ಕಂಪನಿಗಳಿಗೆಂದೇ ಜಾಗ ಗುರುತಿಸಲಾಗಿದೆ. ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಓಡಾಡುತ್ತವೆ. ತೊಡಕು ಇಂಗ್ಲಿಷಿನದಲ್ಲ. ಬರೆಯುವವನ ಮನಸ್ಸಿನಲ್ಲಿರುವ ಮರ್ಯಾದೆಯ ಲೆಕ್ಕ ಒಂದು, ಓದುವವನದು ಇನ್ನೊಂದು. ಈ ಎರಡು ಲೆಕ್ಕಗಳು ಎಲ್ಲಿ ತಾಳೆಯಾಗುತ್ತವೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಭಾಷಾವಿಜ್ಞಾನಿಗಳು ಐವತ್ತು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ.

ಒಂದು ಕಲ್ಪಿತ ಕಾರ್ಖಾನೆಯನ್ನು ಇಟ್ಟುಕೊಂಡೇ ನೋಡೋಣ. ಅದು ಲೋಹದ ಬುಷ್ ತಯಾರಿಸುತ್ತದೆ. ಬುಷ್‌ನ ರಂಧ್ರ 12.000ದಿಂದ 12.018 ಮಿಲಿಮೀಟರ್ ಒಳಗಿರಬೇಕು. 2000 ಬುಷ್‌ಗಳ ಒಂದು ಲಾಟಿನಲ್ಲಿ 140ಕ್ಕೆ ಗೋ ಗೇಜ್ ಒಳಗೆ ಇಳಿಯುತ್ತಿಲ್ಲ. ರೀಮರ್ ಸವೆದು ರಂಧ್ರ ಕಿರಿದಾಗಿದೆ. ಕೊರತೆ ಹೆಚ್ಚೆಂದರೆ 6 ಮೈಕ್ರಾನ್. ಹೋನಿಂಗ್ ಮಾಡಿದರೆ ಸರಿಹೋಗುತ್ತದೆ, ಆದರೆ ಹಾಗೆ ತಿದ್ದಲು ಗ್ರಾಹಕರ ಒಪ್ಪಿಗೆ ಬೇಕೆಂದು ಕರಾರಿನಲ್ಲಿದೆ. ಉಳಿದ 1860 ಚೆನ್ನಾಗಿವೆ, ಶುಕ್ರವಾರ ಹೊರಡಬಹುದು. ಗುಣಮಟ್ಟ ವಿಭಾಗದ ಹುಡುಗ ಕೂತು ಬರೆದ ಮೊದಲ ಕರಡಿನ ಸಾರ ಕನ್ನಡದಲ್ಲಿ ಹೀಗಿದೆ:

“ಮಾನ್ಯ ಸರ್, ತಾವು ಕ್ಷೇಮವೆಂದು ಭಾವಿಸುತ್ತೇವೆ. ತಮ್ಮ ಸಹಕಾರಕ್ಕೆ ನಾವು ಸದಾ ಋಣಿ. ಈ ಸಲದ ಲಾಟಿನಲ್ಲಿ ಸಣ್ಣದೊಂದು ತೊಂದರೆ ಕಾಣಿಸಿಕೊಂಡಿದೆ. ನಮ್ಮ ಮ್ಯಾನೇಜರ್ ಸಾಹೇಬರ ಮಾರ್ಗದರ್ಶನದಲ್ಲಿ ತಂಡ ಹಗಲಿರುಳು ದುಡಿಯುತ್ತಿದೆ. ಆದಷ್ಟು ಬೇಗ ಕಳಿಸಲು ಪ್ರಯತ್ನಿಸುತ್ತೇವೆ. ದಯವಿಟ್ಟು ಅಗತ್ಯ ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥನೆ.”

ಬರೆದವನಿಗೆ ಇದರಲ್ಲಿ ಎಲ್ಲವೂ ಇದೆ. ನಮ್ಮೂರಿನ ಹಿರಿಯ ಅಧಿಕಾರಿಯೊಬ್ಬರು ಓದಿದ್ದರೆ “ಏನೋ ಎಡವಟ್ಟಾಗಿದೆ, ಫೋನ್ ಮಾಡಿ ಕೇಳೋಣ” ಎಂದುಕೊಳ್ಳುತ್ತಿದ್ದರು. ಹಾಗೆ ಕೇಳುವುದು ಅವರ ಕೆಲಸವೆಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಗ್ರಾಹಕರು ಜರ್ಮನಿಯ ಸ್ಟುಟ್‌ಗಾರ್ಟಿನವರು ಎಂದುಕೊಳ್ಳೋಣ; ಅಲ್ಲಿ ಓದುವವರಿಗೆ ಅಂಥ ಒಪ್ಪಂದ ಗೊತ್ತಿಲ್ಲ. ಎಷ್ಟು ಬುಷ್ ಕೆಟ್ಟಿವೆ, ಯಾವ ಕ್ರಮ, ಯಾವಾಗ? ಒಂದಕ್ಕೂ ಉತ್ತರವಿಲ್ಲ.

ಹುಡುಗ ಹೀಗೆ ಬರೆದದ್ದು ಏಕೆ ಎಂಬುದಕ್ಕೆ ಒಳ್ಳೆಯ ವಿವರಣೆ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರ ಸಿದ್ಧಾಂತದಲ್ಲಿದೆ. 1978ರಲ್ಲಿ ಮೊದಲು ಪ್ರಕಟವಾದ ಈ ಕೆಲಸಕ್ಕೆ ಆಧಾರವಾದ ಮೂರು ಭಾಷೆಗಳಲ್ಲಿ ಒಂದು ನಮ್ಮ ನೆರೆಯ ತಮಿಳು; ಕೊಯಮತ್ತೂರು ಸೀಮೆಯ ಹಳ್ಳಿಯೊಂದರಲ್ಲಿ ಜನ ಆಡುವ ಮಾತನ್ನೇ ಲೆವಿನ್ಸನ್ ದಾಖಲಿಸಿಕೊಂಡಿದ್ದರು. ಅವರ ಪ್ರಕಾರ ಯಾರನ್ನಾದರೂ ಏನನ್ನಾದರೂ ಕೇಳುವಾಗ ನಾವು ಗೊತ್ತಿಲ್ಲದೆಯೇ ಮೂರು ವಿಷಯ ಕೂಡಿಸುತ್ತೇವೆ: ಅವರಿಗೆ ನಮ್ಮ ಮೇಲೆ ಎಷ್ಟು ಅಧಿಕಾರ, ನಮ್ಮಿಬ್ಬರ ನಡುವೆ ಎಷ್ಟು ದೂರ, ಕೇಳುತ್ತಿರುವುದು ಎಷ್ಟು ದೊಡ್ಡ ಹೊರೆ. ಮೊತ್ತ ಹೆಚ್ಚಿದಷ್ಟೂ ಮಾತು ಸುತ್ತು ಬಳಸುತ್ತದೆ. ನಮ್ಮ ಹುಡುಗನ ಲೆಕ್ಕದಲ್ಲಿ ಮೂರೂ ಗರಿಷ್ಠ: ಎದುರಿಗಿರುವುದು ಗ್ರಾಹಕ, ಮುಖ ನೋಡಿಲ್ಲ, ತಪ್ಪು ನಮ್ಮದು. ಹಾಗಾಗಿ ವಾಕ್ಯಗಳೆಲ್ಲ ಮೃದುವಾದವು. ಮೃದುವಾಗುವ ಭರದಲ್ಲಿ ಸುದ್ದಿಯೇ ಜಾರಿಹೋಯಿತು.

ಇಲ್ಲಿ ಇನ್ನೊಂದು ಸಂಶೋಧನೆಯನ್ನು ಹೇಳಲೇಬೇಕು, ಏಕೆಂದರೆ ಅದು ನಮ್ಮ ನಂಬಿಕೆಯೊಂದನ್ನು ಅಲುಗಾಡಿಸುತ್ತದೆ. ಸುತ್ತಿ ಹೇಳಿದಷ್ಟೂ ವಿನಯ ಹೆಚ್ಚು ಎಂದು ನಾವು ಅಂದುಕೊಂಡಿದ್ದೇವೆ. ಶೋಷಾನಾ ಬ್ಲುಮ್-ಕುಲ್ಕಾ 1987ರಲ್ಲಿ ಇಂಗ್ಲಿಷ್ ಮತ್ತು ಹೀಬ್ರೂ ಮಾತನಾಡುವವರ ಮುಂದೆ ಬೇರೆ ಬೇರೆ ಬಗೆಯ ಕೋರಿಕೆಗಳನ್ನಿಟ್ಟು, ಯಾವುದು ಹೆಚ್ಚು ವಿನಯದ್ದು ಎಂದು ಕೇಳಿದರು. ಬರೀ ಸುಳಿವು ಕೊಟ್ಟು ಬಿಡುವ ಮಾತಿಗೆ ಮೊದಲ ಸ್ಥಾನ ಸಿಗಲಿಲ್ಲ. “ಇದನ್ನು ಮಾಡಿಕೊಡಲು ಆಗುತ್ತದೆಯೇ?” ಎಂಬಂಥ, ಕೇಳುವುದನ್ನು ಸ್ಪಷ್ಟವಾಗಿಯೇ ಕೇಳಿ ಇಲ್ಲವೆನ್ನಲು ಜಾಗ ಬಿಡುವ ರೂಪವೇ ಹೆಚ್ಚು ವಿನಯದ್ದೆಂದು ಜನ ಹೇಳಿದರು. ಸುಳಿವಿನ ಮಾತಿನಲ್ಲಿ ಅರ್ಥ ಹುಡುಕುವ ಕೆಲಸ ಕೇಳುವವನ ತಲೆಗೆ ಬೀಳುತ್ತದೆ; ಅದನ್ನು ಆತ ಮರ್ಯಾದೆ ಎಂದು ಎಣಿಸುವುದಿಲ್ಲ.

ಆದ್ದರಿಂದ ಪತ್ರ ತಿದ್ದಲು ಕೂತಾಗ ಮೊದಲು ಮರ್ಯಾದೆಯ ಮಾತನ್ನೆಲ್ಲ ಪಕ್ಕಕ್ಕಿಟ್ಟು ಸುದ್ದಿಯನ್ನು ಒಣಗಿಸಿ ಬರೆದುಕೊಳ್ಳಬೇಕು. 2000ದಲ್ಲಿ 140 ಅಳತೆ ತಪ್ಪಿವೆ. ಕಾರಣ ಸವೆದ ರೀಮರ್, ಅದನ್ನು ಬದಲಿಸಿಯಾಗಿದೆ. ಉಳಿದ 1860ನ್ನು ಒಂದೊಂದಾಗಿ ಗೇಜ್ ಹಾಕಿ ನೋಡಿದ್ದೇವೆ. ನಮ್ಮ ಪ್ರಶ್ನೆ ಎರಡು: 1860ನ್ನು ಮಾತ್ರ ಈ ಶುಕ್ರವಾರ ಕಳಿಸಬಹುದೇ, 140ನ್ನು ಹೋನಿಂಗ್ ಮಾಡಿ ಎರಡು ವಾರದ ನಂತರ ಕಳಿಸಬಹುದೇ. ಗುರುವಾರ ಪ್ಯಾಕಿಂಗ್ ಇರುವುದರಿಂದ ಬುಧವಾರದೊಳಗೆ ಉತ್ತರ ಬೇಕು. ಈ ಸಾಲುಗಳಲ್ಲಿರುವ ಅಂಕಿ, ದಿನ, ಪ್ರಶ್ನೆ ಯಾವ ದೇಶಕ್ಕೆ ಹೋದರೂ ಬದಲಾಗಬಾರದು. ಬದಲಾಗಬೇಕಾದದ್ದು ಇವುಗಳ ಕ್ರಮ, ಇವುಗಳ ಸುತ್ತಲಿನ ಮಾತು, ಸಂಬೋಧನೆ.

ಜರ್ಮನಿಯ ಪತ್ರದಲ್ಲಿ ಸುದ್ದಿ ವಿಷಯದ ಸಾಲಿನಲ್ಲೇ ಬರಬಹುದು: “ಲಾಟಿನಲ್ಲಿ 140 ಬುಷ್ ಅಳತೆ ತಪ್ಪಿವೆ, ಬುಧವಾರದೊಳಗೆ ನಿಮ್ಮ ನಿರ್ಧಾರ ಬೇಕು.” ಒಳಗೆ ಒಂದು ಸಾಲಿನ ಕ್ಷಮೆ, ನಂತರ ಕಾರಣ, ಪರೀಕ್ಷೆಯ ವಿವರ, ಎರಡು ಪ್ರಶ್ನೆ. “ಸಣ್ಣದೊಂದು ತೊಂದರೆ” ಎಂಬ ಮಾತು ಹೋಗಬೇಕು. 140 ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸುವವರು ಅವರು. “ಪ್ರಯತ್ನಿಸುತ್ತೇವೆ” ಎಂಬುದೂ ಹೋಗಿ ದಿನಾಂಕ ಬರಬೇಕು. ಆದರೆ ಇಷ್ಟು ನೇರವಾಗಿ ಬರೆದೆವೆಂದು ಸಂಬೋಧನೆಯಲ್ಲೂ ಸಲಿಗೆ ತೋರಿದರೆ ತಪ್ಪಾಗುತ್ತದೆ. ಮೊದಲ ಪತ್ರವಾದರೆ ಹೆಸರಿನ ಮೊದಲ ಭಾಗ ಹಿಡಿದು ಕರೆಯುವಂತಿಲ್ಲ. ಮನೆತನದ ಹೆಸರಿಗೆ ಮೊದಲು ಹೆರ್ ಅಥವಾ ಫ್ರಾವ್, ಡಾಕ್ಟರೇಟ್ ಇದ್ದರೆ ಅದೂ ಸೇರಬೇಕು. ಅವರೇ ಮೊದಲ ಹೆಸರಿನಲ್ಲಿ ಸಹಿ ಹಾಕಿ ಬರೆದ ಮೇಲೆ ನಾವೂ ಸಡಿಲಿಸಬಹುದು.

ನೇರವಾಗಿ ಬರೆಯುವುದು ಬೇರೆ, ಔಪಚಾರಿಕವಾಗಿ ಬರೆಯುವುದು ಬೇರೆ. ಇವೆರಡೂ ಒಂದೇ ಎಂದು ತಿಳಿದದ್ದರಿಂದಲೇ ಎಷ್ಟೋ ಪತ್ರಗಳು ಹಾಳಾಗಿವೆ ಎಂಬುದು ನನ್ನ ಬಲವಾದ ಅಭಿಪ್ರಾಯ. ಜರ್ಮನಿಯಲ್ಲಿ ಮಾತು ನೇರ, ಸಂಬೋಧನೆ ಬಿಗಿ. ಇಸ್ರೇಲಿನಲ್ಲಿ ಸಾಮಾನ್ಯವಾಗಿ ಮಾತೂ ನೇರ, ಸಂಬೋಧನೆಯೂ ಸಲಿಗೆಯದು. ಅಮೆರಿಕದವರು ಮೊದಲ ದಿನವೇ ಹೆಸರು ಹಿಡಿದು ಕರೆಯುತ್ತಾರೆ, ಆದರೆ ತಪ್ಪು ತೋರಿಸುವಾಗ ಮೊದಲು ಎರಡು ಮೆಚ್ಚುಗೆಯ ಮಾತಾಡುತ್ತಾರೆ. ಒಂದನ್ನು ತಿರುಗಿಸಿದಾಗ ಇನ್ನೊಂದು ತಾನಾಗಿ ತಿರುಗುವುದಿಲ್ಲ.

ಇನ್ನು ಇದೇ ಲಾಟಿನ ಗ್ರಾಹಕರು ಜಪಾನಿನವರಾಗಿದ್ದರೆ ಬರೆಯಬೇಕಾದ ಪತ್ರ. ಇಲ್ಲಿ ಮೊದಲು ಸದಾ ಇರುವ ಸಂಬಂಧಕ್ಕೆ ಕೃತಜ್ಞತೆಯ ಒಂದು ಸಾಲು. ಜಪಾನಿ ವ್ಯವಹಾರದ ಪತ್ರಗಳು ಶುರುವಾಗುವುದೇ ಅಂಥ ಸಿದ್ಧ ವಾಕ್ಯದಿಂದ. ನಮ್ಮ ಹುಡುಗನ ಕರಡಿನ “ಋಣಿ” ಇಲ್ಲಿ ಉಳಿಯಬಹುದು. ಅದರ ಬೆನ್ನಿಗೇ, ತಡಮಾಡದೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಮತ್ತು 140ರ ಸುದ್ದಿ. ಜಪಾನಿಯರೊಂದಿಗೆ ಎಲ್ಲವನ್ನೂ ಸುತ್ತಿ ಹೇಳಬೇಕು ಎಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಅಲ್ಲಿನ ಕಂಪನಿಗಳಲ್ಲಿ ಹೊಸಬರಿಗೆ ಕಲಿಸುವ ‘ಹೋರೆನ್ಸೋ’ ಎಂಬ ಪದ್ಧತಿಯಿದೆ: ವರದಿ ಮಾಡು, ತಿಳಿಸು, ಸಮಾಲೋಚಿಸು. ಕೆಟ್ಟ ಸುದ್ದಿಯನ್ನು ಬಚ್ಚಿಡುವುದು ಅಲ್ಲಿ ದೊಡ್ಡ ತಪ್ಪು. ಮೃದುವಾಗಬೇಕಾದದ್ದು ಕೋರಿಕೆ. “ಬುಧವಾರದೊಳಗೆ ನಿರ್ಧಾರ ಬೇಕು” ಎನ್ನುವ ಬದಲು “ಬುಧವಾರದೊಳಗೆ ತಮ್ಮ ಅಭಿಪ್ರಾಯ ತಿಳಿದರೆ ಗುರುವಾರ ಪ್ಯಾಕ್ ಮಾಡಿ ಶುಕ್ರವಾರ 1860 ಬುಷ್ ಕಳಿಸಲು ನಮಗೆ ಸಾಧ್ಯವಾಗುತ್ತದೆ” ಎನ್ನಬೇಕು. ಗಡುವು ಅದೇ; ಅಪ್ಪಣೆಯ ಬದಲು ಕಾರಣದ ರೂಪದಲ್ಲಿದೆ. ಪತ್ರ ಓದಿದವರು ಒಬ್ಬರೇ ಒಪ್ಪಿಗೆ ಕೊಡುವುದಿಲ್ಲ, ಒಳಗೆ ಹಲವರನ್ನು ಕೇಳಿಕೊಳ್ಳುತ್ತಾರೆ. ಹಾಗಾಗಿ ಸುದ್ದಿ ಸೋಮವಾರವೇ ಹೋಗಬೇಕು, ಮಂಗಳವಾರ ಸಂಜೆಯಲ್ಲ. ಇದೇ ತಪ್ಪು ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂಬುದನ್ನೂ ಅವರು ಖಂಡಿತ ಹುಡುಕುತ್ತಾರೆ. ಎಷ್ಟು ಬುಷ್‌ಗೊಮ್ಮೆ ರೀಮರ್ ಬದಲಿಸುತ್ತೇವೆ ಎಂದು ಒಂದು ಸಾಲು ಸೇರಿಸಬೇಕು.

ಸಂಬೋಧನೆಯಲ್ಲಿ ಕನ್ನಡಿಗರು ಸುಲಭವಾಗಿ ಎಡವುವ ಒಂದು ಜಾಗ ಇಲ್ಲಿದೆ. ಜಪಾನಿನಲ್ಲಿ ಎದುರಿನವರ ಹೆಸರಿಗೆ ‘ಸಾನ್’ ಸೇರಿಸುವುದು ಎಲ್ಲರಿಗೂ ಗೊತ್ತು. ಆದರೆ ಹೊರಗಿನವರೊಂದಿಗೆ ಮಾತಾಡುವಾಗ ತಮ್ಮದೇ ಕಂಪನಿಯ ಮೇಲಧಿಕಾರಿಯ ಹೆಸರಿಗೆ ಅವರು ಗೌರವದ ಪ್ರತ್ಯಯ ಹಚ್ಚುವುದಿಲ್ಲ. ನಮ್ಮ ಬಳಗವನ್ನು ತಗ್ಗಿಸಿ ಎದುರಿನವರನ್ನು ಎತ್ತುವುದು ಅಲ್ಲಿನ ರೀತಿ. ನಮಗೋ ದೊಡ್ಡವರು ಯಾರ ಮುಂದೆಯೂ ದೊಡ್ಡವರೇ, “ನಮ್ಮ ಸಾಹೇಬರು ಹೇಳಿದರು” ಎಂದೇ ಬಾಯಿಗೆ ಬರುತ್ತದೆ. ಪತ್ರದಲ್ಲಿ ನಮ್ಮ ಮ್ಯಾನೇಜರ ಹೆಸರು, ಹುದ್ದೆ ಸಾಕು.

ಈ ಎಲ್ಲ ಮಾತಿಗೂ ಒಂದು ಮಿತಿಯಿದೆ. ಜರ್ಮನಿ, ಜಪಾನ್ ಎಂದಾಗ ನಾವು ಹೇಳುತ್ತಿರುವುದು ಸರಾಸರಿ. ಪತ್ರ ಓದುವವರು ಸರಾಸರಿಯಲ್ಲ, ಒಬ್ಬ ವ್ಯಕ್ತಿ. ಹತ್ತು ವರ್ಷ ಪುಣೆಯಲ್ಲಿದ್ದ ಜರ್ಮನ್ ಎಂಜಿನಿಯರು ನಮ್ಮ “ನೋಡೋಣ” ಎಂದರೇನೆಂದು ಚೆನ್ನಾಗಿ ಬಲ್ಲರು. ಓದುವವರು ಯಾರೇ ಆಗಲಿ, ಅವರಿಂದ ಬಂದ ಹಿಂದಿನ ಮೂರು ಪತ್ರಗಳನ್ನು ತೆರೆದು ಹೇಗೆ ಕರೆಯುತ್ತಾರೆ, ವಿಷಯ ಎಷ್ಟನೇ ಸಾಲಿಗೆ ಬರುತ್ತದೆ, ಬೇಡವೆನ್ನುವಾಗ ಹೇಗೆ ಬೇಡವೆನ್ನುತ್ತಾರೆ ಎಂದು ನೋಡುವುದು ಯಾವ ದೇಶದ ಕೈಪಿಡಿಗಿಂತಲೂ ಹೆಚ್ಚು ನಂಬಿಕಸ್ತ.

ನಾವು ಬರೆದ ದನಿ ಅವರಿಗೆ ಮುಟ್ಟಿದೆಯೇ ಎಂದು ನಾವೇ ಓದಿ ತೀರ್ಮಾನಿಸಲಾಗದು. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಮ್ಮ ಇಮೇಲಿನ ವಾಕ್ಯ ವ್ಯಂಗ್ಯವೋ ಗಂಭೀರವೋ ಎಂಬುದು ಓದುವವರಿಗೆ ನೂರಕ್ಕೆ ಸುಮಾರು 78 ಸಲ ತಿಳಿಯುತ್ತದೆ ಎಂದು ಬರೆದವರು ಅಂದಾಜಿಸಿದರು. ತಿಳಿದದ್ದು ಸುಮಾರು 56 ಸಲ, ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಬರೆಯುವಾಗ ನಮ್ಮ ದನಿ ನಮ್ಮ ಕಿವಿಗೆ ಕೇಳುತ್ತಿರುತ್ತದೆ, ಕಾಗದಕ್ಕೆ ಅದು ಇಳಿಯುವುದಿಲ್ಲ. ಹಾಗಾಗಿ ಪತ್ರ ಕಳಿಸುವ ಮುನ್ನ ಈ ಲಾಟಿನ ವಿಷಯವೇ ಗೊತ್ತಿಲ್ಲದ ಸ್ಟೋರ್ಸಿನ ಯಾರಿಗಾದರೂ ಒಮ್ಮೆ ಓದಲು ಕೊಟ್ಟು, ಕಾಗದ ವಾಪಸ್ ತೆಗೆದುಕೊಂಡು ಕೇಳಬೇಕು: ಎಷ್ಟು ಕೆಟ್ಟಿವೆ, ನಾವು ಏನು ಕೇಳುತ್ತಿದ್ದೇವೆ, ಯಾವಾಗ ಬೇಕು? ಇದರಲ್ಲಿ ಒಂದಕ್ಕೆ ತಡವರಿಸಿದರೂ ಪತ್ರ ಇನ್ನೂ ಸಿದ್ಧವಿಲ್ಲ.

ಕಳಿಸಿದ ಮೇಲೆ ಉತ್ತರವೂ ಒಂದು ಅಳತೆಗೋಲು. ಸ್ಟುಟ್‌ಗಾರ್ಟಿನಿಂದ “ಹಾಗಾದರೆ ಶುಕ್ರವಾರ ಹೊರಡುತ್ತದೆಯೋ ಇಲ್ಲವೋ?” ಎಂದು ಬಂದರೆ ನಮ್ಮ ಪ್ರಶ್ನೆ ಎಲ್ಲೋ ಮುಚ್ಚಿಹೋಗಿತ್ತು ಎಂದರ್ಥ. ಮೊದಲ ಪ್ರಶ್ನೆಗಷ್ಟೇ ಉತ್ತರ ಬಂದು ಹೋನಿಂಗ್ ವಿಷಯ ಬಿಟ್ಟುಹೋಗಿದ್ದರೆ ಎರಡು ಪ್ರಶ್ನೆಗಳನ್ನು ಒಂದೇ ಪ್ಯಾರಾದಲ್ಲಿ ಹೆಣೆದದ್ದು ಕಾರಣವಿರಬಹುದು. ಮುಂದಿನ ಪತ್ರದಲ್ಲಿ ಅವಕ್ಕೆ 1, 2 ಎಂದು ಅಂಕಿ ಹಾಕಬೇಕು. ಜಪಾನಿನಿಂದ “ಒಳಗೆ ಪರಿಶೀಲಿಸುತ್ತೇವೆ, ಸ್ವಲ್ಪ ಕಷ್ಟವಾಗಬಹುದು” ಎಂದು ಬಂದರೆ ಅದನ್ನು ಒಪ್ಪಿಗೆಯೆಂದು ತಿಳಿದು 140 ಬುಷ್‌ಗಳನ್ನು ಹೋನಿಂಗ್ ಯಂತ್ರಕ್ಕೆ ಏರಿಸಬಾರದು. ಅದು ಬಹುಮಟ್ಟಿಗೆ ಬೇಡವೆಂಬ ಮಾತೇ. ಅಂಥ ಉತ್ತರ ಬಂದ ದಿನವೇ ಫೋನ್ ಮಾಡಿ, ಯಾವ ಪರೀಕ್ಷೆಯ ವರದಿ ಕೊಟ್ಟರೆ ಅವರ ಒಳಗಿನ ಚರ್ಚೆಗೆ ಅನುಕೂಲವಾಗುತ್ತದೆ ಎಂದು ಕೇಳಬೇಕು. 140 ಹೊಸ ಬುಷ್ ಮಾಡಲು ಕಚ್ಚಾ ಸಾಮಗ್ರಿ ಇದೆಯೇ ಎಂದು ಸ್ಟೋರ್ಸಿನಲ್ಲಿ ವಿಚಾರಿಸಿಟ್ಟುಕೊಳ್ಳಬೇಕು.