ಬಾಕಿ ಉಳಿದ ಪ್ರಾಯೋಜಕತ್ವದ ಕಂತು: ನೆನಪೋಲೆ ಬರೆಯುವ ಬಗೆ

ಪ್ರಾಯೋಜಕತ್ವದ ಹಣ ಸಾಮಾನ್ಯವಾಗಿ ಒಂದೇ ಸಲಕ್ಕೆ ಕೈಸೇರುವುದಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದು ಕಂತು, ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಇನ್ನೊಂದು, ಎಲ್ಲ ಮುಗಿದು ವರದಿ ಕೊಟ್ಟ ಮೇಲೆ ಕೊನೆಯದು ಎಂಬ ಕ್ರಮ ರೂಢಿಯಲ್ಲಿದೆ. ಬಾಕಿ ಬೀಳುವುದು ಹೆಚ್ಚಾಗಿ ಈ ಕೊನೆಯ ಕಂತೇ. ಪ್ರಾಯೋಜಕರಿಗೆ ಬೇಕಾದ ಪ್ರಚಾರ ಆಗಲೇ ಸಿಕ್ಕಿರುತ್ತದೆ. ಆಯೋಜಕರ ಮುಂದೆ ಮಾತ್ರ ಪೆಂಡಾಲ್, ಧ್ವನಿವರ್ಧಕ, ಮುದ್ರಣದ ಬಿಲ್ಲುಗಳು ಉಳಿದಿರುತ್ತವೆ. ಈ ಹೊತ್ತಿನಲ್ಲಿ ಬರೆಯುವ ಪತ್ರ ಹಣವನ್ನೂ ತರಬೇಕು, ಮುಂದಿನ ವರ್ಷದ ನಂಟನ್ನೂ ಉಳಿಸಬೇಕು.

ರಾಮನವಮಿ ಸಂಗೀತೋತ್ಸವ ನಡೆಸುವ ಒಂದು ಟ್ರಸ್ಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 2025ರಲ್ಲಿ ರಾಮನವಮಿ ಏಪ್ರಿಲ್ 6ಕ್ಕೆ ಬಂದಿತ್ತು. ಏಪ್ರಿಲ್ 2ರಿಂದ 6ರವರೆಗೆ ಐದು ಸಂಜೆ ಕಛೇರಿಗಳು ನಡೆದವು ಎಂದುಕೊಳ್ಳೋಣ. ಮುಖ್ಯ ಪ್ರಾಯೋಜಕರು ಅಗರಬತ್ತಿ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಒಪ್ಪಿದ ಮೊತ್ತ 5 ಲಕ್ಷ ರೂಪಾಯಿ. ಜನವರಿಯಲ್ಲಿ 2 ಲಕ್ಷ, ಮಾರ್ಚ್ ಮಧ್ಯದಲ್ಲಿ 1.5 ಲಕ್ಷ ಬಂದಿದೆ. ಉತ್ಸವ ಮುಗಿದ 30 ದಿನದೊಳಗೆ, ಅಂದರೆ ಮೇ 6ರೊಳಗೆ ಬರಬೇಕಿದ್ದ 1.5 ಲಕ್ಷ ಬಂದಿಲ್ಲ.

ಪತ್ರಕ್ಕೆ ಕೈ ಹಾಕುವ ಮೊದಲು ಹಣ ಎಲ್ಲಿ ನಿಂತಿದೆ ಎಂದು ತಿಳಿಯಬೇಕು. ಕೊಡಬಾರದೆಂದು ತಡೆಹಿಡಿಯುವವರಿಗಿಂತ, ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದೆ ಉಳಿಯುವ ಸಂದರ್ಭಗಳೇ ಹೆಚ್ಚು. ಒಪ್ಪಂದ ಮಾಡಿಕೊಂಡದ್ದು ಮಾರುಕಟ್ಟೆ ವಿಭಾಗ, ಹಣ ಬಿಡುಗಡೆ ಮಾಡುವುದು ಲೆಕ್ಕಪತ್ರ ವಿಭಾಗ. ಇನ್‌ವಾಯ್ಸ್ ಮೊದಲನೆಯವರ ಮೇಲ್‌ಪೆಟ್ಟಿಗೆಯಲ್ಲೇ ಕೂತಿರಬಹುದು. ಅದರ ಮೇಲೆ ಕಂಪನಿಯ ಖರೀದಿ ಆದೇಶದ ಸಂಖ್ಯೆ ಇಲ್ಲದಿರಬಹುದು. ಮಾತಾಡಿದ ಅಧಿಕಾರಿ ಬೇರೆ ಊರಿಗೆ ವರ್ಗವಾಗಿ, ಅವರ ಜಾಗಕ್ಕೆ ಬಂದವರಿಗೆ ವಿಷಯವೇ ಗೊತ್ತಿಲ್ಲದಿರಬಹುದು. ರಾಮನವಮಿಯ ಕಾಲಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ, ಮೊದಲೆರಡು ಕಂತು ಹಳೆಯ ವರ್ಷದ ಬಜೆಟ್‌ನಿಂದ ಹೋಗಿ, ಮೂರನೆಯದು ಹೊಸ ವರ್ಷದ ಲೆಕ್ಕಕ್ಕೆ ಬೀಳುತ್ತದೆ. ಅದನ್ನು ಹೊಸ ಬಜೆಟ್‌ನಲ್ಲಿ ಯಾರೂ ಎತ್ತಿಡದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಒಂದು ಸೌಮ್ಯವಾದ ಫೋನ್ ಕರೆಯಿಂದ ಇದೆಲ್ಲ ತಿಳಿಯುತ್ತದೆ. ಆ ಕರೆಯಲ್ಲಿ “ಹಣ ಯಾವಾಗ ಕೊಡುತ್ತೀರಿ” ಎನ್ನುವುದಕ್ಕಿಂತ “ಕಾಗದಪತ್ರ ನಮ್ಮ ಕಡೆಯಿಂದ ಏನಾದರೂ ಬರಬೇಕಿದೆಯೇ” ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಕೇಳುವ ಮೊತ್ತ ಸರಿಯಿದೆಯೇ ಎಂಬುದನ್ನೂ ಮೊದಲೇ ನೋಡಬೇಕು. ಬ್ಯಾನರ್ ಮುಂತಾದವುಗಳ ಮೂಲಕ ಪ್ರಚಾರ ಪಡೆಯುವ ಪ್ರಾಯೋಜಕತ್ವವನ್ನು ಆದಾಯ ತೆರಿಗೆ ಇಲಾಖೆ 1995ರ ಸುತ್ತೋಲೆಯಲ್ಲೇ ಜಾಹೀರಾತಿನ ಗುತ್ತಿಗೆ ಎಂದು ಪರಿಗಣಿಸಿದೆ. ಆದ್ದರಿಂದ ಕಂಪನಿ ಟ್ರಸ್ಟಿಗೆ ಹಣ ಕೊಡುವಾಗ ಶೇಕಡ 2ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತದೆ. 1,50,000 ರೂಪಾಯಿಗೆ 3,000 ಕಳೆದು ಖಾತೆಗೆ ಬರುವುದು 1,47,000. ಆ 3,000 ಟ್ರಸ್ಟಿನ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ತ್ರೈಮಾಸಿಕ ವಿವರ ಸಲ್ಲಿಕೆಯಾದ ಮೇಲೆ ನಮೂನೆ 26ಎಎಸ್‌ನಲ್ಲಿ ಕಾಣುತ್ತದೆ. ಇದನ್ನು ನೋಡದೆ ಹಳೆಯ ಕಂತುಗಳಲ್ಲಿ “ಕಡಿಮೆ ಬಂದಿದೆ” ಎಂದು ಬಾಕಿಗೆ ಸೇರಿಸಿ ಬರೆದರೆ, ಸರಿಯಾದ ಬೇಡಿಕೆಯ ಮೇಲೂ ಅನುಮಾನ ಮೂಡುತ್ತದೆ.

ಜಿಎಸ್‌ಟಿಯಲ್ಲೂ ಹೀಗೇ ಎಡವುವುದುಂಟು. ಟ್ರಸ್ಟಿನಂಥ ಆಯೋಜಕರು ಕಂಪನಿಗೆ ಪ್ರಾಯೋಜಕತ್ವ ಒದಗಿಸಿದಾಗ ಶೇಕಡ 18ರ ತೆರಿಗೆಯನ್ನು ಕಂಪನಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. 2025ರ ಜನವರಿ 16ರಿಂದ ಈ ನಿಯಮ ಬದಲಾದದ್ದು ಆಯೋಜಕರೇ ಕಂಪನಿಯಂಥ ನಿಗಮಿತ ಸಂಸ್ಥೆಯಾಗಿದ್ದಾಗ ಮಾತ್ರ. ಟ್ರಸ್ಟು ಇನ್‌ವಾಯ್ಸಿನಲ್ಲಿ 27,000 ರೂಪಾಯಿ ತೆರಿಗೆ ಸೇರಿಸಿಬಿಟ್ಟರೆ ಲೆಕ್ಕಪತ್ರ ವಿಭಾಗ ಅದನ್ನು ಬದಿಗಿಡುತ್ತದೆ. ಎಷ್ಟೋ ಸಲ ಬದಿಗಿಟ್ಟದ್ದನ್ನು ತಿಳಿಸುವುದೂ ಇಲ್ಲ. ಅಂಥಲ್ಲಿ ನೆನಪೋಲೆಗಿಂತ ತಿದ್ದಿದ ಇನ್‌ವಾಯ್ಸೇ ಮುಖ್ಯ.

ಇನ್ನು ಪತ್ರದ ಜೀವಾಳ: ಒಪ್ಪಿದ ಸೌಲಭ್ಯಗಳ ಲೆಕ್ಕ. ಪ್ರಾಯೋಜಕತ್ವ ದಾನವಲ್ಲ. ಹಣಕ್ಕೆ ಪ್ರತಿಯಾಗಿ ಏನೇನು ಕೊಡುತ್ತೇವೆಂದು ಆಯೋಜಕರು ಬರೆದುಕೊಟ್ಟಿರುತ್ತಾರೆ. ಅದನ್ನು ಕೊಟ್ಟಾಗಿದೆ ಎಂಬುದೇ ಕಂತು ಕೇಳುವ ಹಕ್ಕಿನ ಆಧಾರ. “ತಾವು ಉದಾರಿಗಳು, ಕಲೆಯನ್ನು ಪೋಷಿಸುವವರು” ಎಂಬ ಮಾತು ಕಿವಿಗೆ ಹಿತವಾದರೂ ಲೆಕ್ಕಪತ್ರ ವಿಭಾಗಕ್ಕೆ ಅದರಿಂದ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಕಡತಕ್ಕೆ ಹಾಕಲು ಪುರಾವೆ. ವೇದಿಕೆಯ ಹಿನ್ನೆಲೆ ಪರದೆಯ ಫೋಟೊ ಪ್ರತಿದಿನಕ್ಕೆ ಒಂದರಂತೆ, ಸ್ಮರಣ ಸಂಚಿಕೆಯ ಎರಡು ಪ್ರತಿ, ನಿರೂಪಕರು ಕಂಪನಿಯ ಹೆಸರು ಹೇಳಿದ ಧ್ವನಿಮುದ್ರಣ, ಪಾಸು ಪಡೆದುಕೊಂಡವರ ಸಹಿಯ ಪಟ್ಟಿ, ಇಷ್ಟಿದ್ದರೆ ಸಾಕು. ಇವನ್ನು ಉತ್ಸವ ನಡೆಯುವಾಗಲೇ ಕೂಡಿಡಬೇಕು. ಪೆಂಡಾಲ್ ಬಿಚ್ಚಿದ ಮೇಲೆ ಮೂರನೆಯ ದಿನದ ಪರದೆಯ ಚಿತ್ರ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ.

ಒಪ್ಪಿದ್ದರಲ್ಲಿ ಒಂದು ಕೊಡಲಾಗದೆ ಹೋಗಿದ್ದರೆ ಅದನ್ನು ಆಯೋಜಕರೇ ಮೊದಲು ಹೇಳಬೇಕು. ನಮ್ಮ ಉದಾಹರಣೆಯಲ್ಲಿ ಎರಡು ರಸ್ತೆಗಳಲ್ಲಿ ಸ್ವಾಗತ ಕಮಾನು ಹಾಕುವುದೆಂದು ಒಪ್ಪಿಗೆಯಾಗಿತ್ತು. ಒಂದಕ್ಕೆ ಪಾಲಿಕೆಯ ಅನುಮತಿ ಸಿಗಲಿಲ್ಲ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದಂದಿನಿಂದ ಬೆಂಗಳೂರಿನಲ್ಲಿ ರಸ್ತೆ ಬದಿಯ ಫ್ಲೆಕ್ಸ್, ಬ್ಯಾನರುಗಳ ವಿಷಯ ಸೂಕ್ಷ್ಮವಾಗಿಯೇ ಇದೆ. ಇದನ್ನು ಮುಚ್ಚಿಟ್ಟು ಪೂರ್ತಿ ಕಂತು ಕೇಳಿದರೆ, ಕಂಪನಿಯವರು ಅದನ್ನೇ ಹಿಡಿದು ಇಡೀ 1.5 ಲಕ್ಷವನ್ನು ತಡೆಯಬಹುದು. ತಾವಾಗಿಯೇ ಹೇಳಿ, ಬದಲಿಗೆ ಏನು ಕೊಡಬಹುದೆಂದು ಸೂಚಿಸಿದರೆ ಚರ್ಚೆ ಒಂದು ಕಮಾನಿನಷ್ಟಕ್ಕೇ ನಿಲ್ಲುತ್ತದೆ. ಆದರೆ ಬದಲಿಯನ್ನು ಪ್ರಾಯೋಜಕರ ಒಪ್ಪಿಗೆಯಿಲ್ಲದೆ ತಾವೇ ತೀರ್ಮಾನಿಸುವುದು ತಪ್ಪು.

ಇಷ್ಟು ಸಿದ್ಧವಾದ ಮೇಲೆ ಪತ್ರ ಚಿಕ್ಕದಾಗಿಯೇ ಬರುತ್ತದೆ. ಮೇ 19ರಂದು ಟ್ರಸ್ಟಿನ ಕಾರ್ಯದರ್ಶಿ ಕಂಪನಿಯ ಮಾರುಕಟ್ಟೆ ವ್ಯವಸ್ಥಾಪಕರಿಗೆ ಬರೆಯುವ ಪತ್ರ ಹೀಗಿರಬಹುದು:

“ಮಾನ್ಯರೇ, ನಮಸ್ಕಾರ. ಏಪ್ರಿಲ್ 2ರಿಂದ 6ರವರೆಗೆ ನಡೆದ ರಾಮನವಮಿ ಸಂಗೀತೋತ್ಸವಕ್ಕೆ ತಮ್ಮ ಕಂಪನಿ ಮುಖ್ಯ ಪ್ರಾಯೋಜಕರಾಗಿ ನಿಂತದ್ದಕ್ಕೆ ಟ್ರಸ್ಟಿನ ಪರವಾಗಿ ವಂದನೆಗಳು. ಜನವರಿಯ ಒಪ್ಪಂದದಂತೆ ಮೂರನೆಯ ಕಂತು 1,50,000 ರೂಪಾಯಿ ಮೇ 6ರೊಳಗೆ ಸಂದಾಯವಾಗಬೇಕಿತ್ತು. ಅದು ಈವರೆಗೆ ನಮ್ಮ ಖಾತೆಗೆ ಬಂದಿಲ್ಲವಾದ್ದರಿಂದ ಈ ನೆನಪೋಲೆ.

ಒಪ್ಪಂದದಂತೆ ಐದೂ ದಿನ ವೇದಿಕೆಯ ಪರದೆಯಲ್ಲಿ ತಮ್ಮ ಕಂಪನಿಯ ಹೆಸರು ಮತ್ತು ಲಾಂಛನ ಇತ್ತು. ಪ್ರತಿ ಸಂಜೆ ಎರಡು ಬಾರಿ ಹೆಸರು ಹೇಳಲಾಯಿತು. ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ತಮ್ಮ ಜಾಹೀರಾತು ಪ್ರಕಟವಾಗಿದೆ. 50 ಪಾಸುಗಳನ್ನು ಮಾರ್ಚ್ 28ರಂದು ತಮ್ಮ ಕಚೇರಿಗೆ ತಲುಪಿಸಲಾಗಿದೆ. ಎರಡು ಸ್ವಾಗತ ಕಮಾನುಗಳಲ್ಲಿ ಒಂದಕ್ಕೆ ಅನುಮತಿ ಸಿಗದೆ ಹಾಕಲಾಗಲಿಲ್ಲ. ಅದರ ಬದಲಿಗೆ ಜೂನ್ ಮತ್ತು ಜುಲೈ ತಿಂಗಳ ಕಛೇರಿಗಳಲ್ಲಿ ವೇದಿಕೆಯ ಮೇಲೆ ತಮ್ಮ ಹೆಸರು ಹಾಕಬಹುದು. ಅಥವಾ ತಾವು ಬಯಸಿದರೆ ಅದರ ವೆಚ್ಚವನ್ನು ಕಂತಿನಲ್ಲಿ ಕಳೆಯೋಣ. ತಮಗೆ ಯಾವುದು ಅನುಕೂಲವೆಂದು ತಿಳಿಸಬೇಕು.

ವರದಿ, ಫೋಟೊಗಳು, ಇನ್‌ವಾಯ್ಸ್ ಮತ್ತು ಬ್ಯಾಂಕ್ ವಿವರ ಇದರೊಂದಿಗೆ ಇವೆ. ಮೇ 30ರೊಳಗೆ ಹಣ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಬೇರೆ ಕಾಗದ ಬೇಕಿದ್ದರೆ ತಿಳಿಸಿದ ದಿನವೇ ಒದಗಿಸುತ್ತೇವೆ. ಈ ನಡುವೆ ಹಣ ಕಳುಹಿಸಿಯಾಗಿದ್ದರೆ ಈ ಪತ್ರವನ್ನು ಗಣಿಸಬೇಕಿಲ್ಲ. ವಿಶ್ವಾಸವಿರಲಿ.”

ಮೊತ್ತ, ದಿನಾಂಕ, ಒಪ್ಪಂದದ ಉಲ್ಲೇಖ ಈ ಪತ್ರದಲ್ಲಿ ನೇರವಾಗಿವೆ. ಸೌಜನ್ಯದ ಹೆಸರಿನಲ್ಲಿ “ಸಾಧ್ಯವಾದಾಗ ಗಮನಿಸಿ” ಎಂದು ಬರೆದರೆ ಅದಕ್ಕೆ ಗಡುವೇ ಇಲ್ಲದಂತಾಗುತ್ತದೆ. ಮೃದಂಗ, ಪಿಟೀಲಿನವರಿಗೆ ಸಂಭಾವನೆ ಕೊಡಲಾಗಿಲ್ಲ ಎಂಬ ಅಳಲನ್ನು ಇಲ್ಲಿ ತರಲೇಬಾರದು. ಅದು ನಿಜವಿದ್ದರೂ ಆಯೋಜಕರ ಹೊಣೆ; ಓದಿದವರಿಗೆ ಮುಜುಗರ ಹುಟ್ಟಿಸಿ ಹಣ ಪಡೆಯುವ ದಾರಿ ನಂಟನ್ನು ಕೆಡಿಸುತ್ತದೆ. ಮೊದಲ ಪತ್ರದ ಪ್ರತಿಯನ್ನೇ ಕಂಪನಿಯ ಆಡಳಿತ ನಿರ್ದೇಶಕರಿಗೆ ಕಳುಹಿಸುವುದೂ ಬೇಡ. ವರ್ಷವಿಡೀ ಟ್ರಸ್ಟಿನ ಪರವಾಗಿ ಒಳಗೆ ಮಾತಾಡಿದ ವ್ಯವಸ್ಥಾಪಕರನ್ನು ಅವರ ಮೇಲಧಿಕಾರಿಯ ಮುಂದೆ ನಿಲ್ಲಿಸಿದಂತೆ ಆಗುತ್ತದೆ.

ಮೇ 30 ದಾಟಿದರೆ ಎರಡನೆಯ ಪತ್ರ. ಇದು ವ್ಯವಸ್ಥಾಪಕರಿಗೆ ಹೇಳಿಯೇ, ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಿಗೆ ಹೋಗಬೇಕು. ಕಂಪನಿಗೆ ನಿಜವಾಗಿ ಕೈ ಬಿಗಿಯಿದ್ದರೆ 75,000 ರೂಪಾಯಿಯ ಎರಡು ಕಂತಿಗೆ ಒಪ್ಪಬಹುದು. ಎರಡಕ್ಕೂ ದಿನಾಂಕ ಗೊತ್ತುಮಾಡಿ, ಬಾಕಿ ಇರುವುದನ್ನು ಒಪ್ಪಿ ಸಹಿ ಮಾಡಿದ ಪತ್ರ ಪಡೆಯಬೇಕು. ಆ ಪತ್ರಕ್ಕೆ ಕಾನೂನಿನ ಬೆಲೆಯೂ ಇದೆ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಅವಕಾಶ. ಅವಧಿ ಮುಗಿಯುವ ಮುನ್ನ ಸಾಲಗಾರರು ಸಹಿ ಮಾಡಿ ಬಾಕಿಯನ್ನು ಒಪ್ಪಿಕೊಂಡರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಮೂರು ವರ್ಷ ಕೈಯಲ್ಲಿರುವಾಗ ಜೂನ್ ತಿಂಗಳಲ್ಲೇ ವಕೀಲರ ನೋಟಿಸಿಗೆ ಓಡುವ ಅಗತ್ಯವಿಲ್ಲ. ಪತ್ರಗಳಿಗೆ ಉತ್ತರವೇ ಬಾರದೆ, ಮುಖತಃ ಭೇಟಿಗೂ ಒಪ್ಪದೆ ಹೋದಾಗ ಮಾತ್ರ ಆ ಹೆಜ್ಜೆ ಸರಿ.

ಹಣ ಬಂದ ದಿನವೇ ರಸೀದಿ ಮತ್ತು ಎರಡು ಸಾಲಿನ ಧನ್ಯವಾದ ಹೋಗಬೇಕು. ಟಿಡಿಎಸ್ ಪ್ರಮಾಣಪತ್ರವನ್ನೂ ಆಗಲೇ ಕೇಳಿಡಬೇಕು. ಕೆಲವು ಪ್ರಾಯೋಜಕರು 80ಜಿ ರಸೀದಿ ಬಯಸುತ್ತಾರೆ. ಅದು ದಾನಕ್ಕೆ ಕೊಡುವಂಥದ್ದು, ಪ್ರಚಾರಕ್ಕೆ ಪ್ರತಿಯಾಗಿ ಬಂದ ಹಣಕ್ಕೆ ಕೊಡಬಾರದು. ಮುಂದಿನ ಉತ್ಸವದ ಪ್ರಸ್ತಾವವನ್ನು ಇದರ ಜೊತೆ ಬೆರೆಸದೆ, ಬಾಕಿ ಚುಕ್ತಾ ಆದ ಮೇಲೆ ಬೇರೆಯಾಗಿ ಕಳುಹಿಸುವುದು ಒಳ್ಳೆಯದು. ಆದರೆ ಬಹಳ ತಡ ಮಾಡುವಂತೆಯೂ ಇಲ್ಲ. ಚಾಂದ್ರಮಾನದ ಹಬ್ಬವಾದ್ದರಿಂದ 2026ರ ರಾಮನವಮಿ ಮಾರ್ಚ್ ಕೊನೆಯ ವಾರಕ್ಕೆ ಬರುತ್ತದೆ. ಹಾಗಾಗಿ ಎರಡೂ ವರ್ಷದ ಉತ್ಸವಗಳು 2025-26ರ ಒಂದೇ ಹಣಕಾಸು ವರ್ಷದಲ್ಲಿ ಬೀಳುತ್ತವೆ, ಹಳೆಯ ಬಾಕಿಯೂ ಹೊಸ ಪ್ರಾಯೋಜಕತ್ವವೂ ಕಂಪನಿಯ ಒಂದೇ ಬಜೆಟ್‌ನಿಂದ ಬರಬೇಕಾಗುತ್ತದೆ.